ಐದನೇ ದಿನ ಗುಳಿಗೆ ನಿಲ್ಲಿಸಬಹುದು: ಬಾಗಲಕೋಟೆ ಜಿಲ್ಲೆಯ ವೈದ್ಯರಿಗೂ ಮೆಡಿಕಲ್ ಅಂಗಡಿಯವರಿಗೂ ಒಂದು ಬಹಿರಂಗ ಪತ್ರ

ಆತ್ಮೀಯರೇ,

ನಾನು ಜಮಖಂಡಿಯಲ್ಲಿ ಪ್ರಾಕ್ಟೀಸ್ ಮಾಡುವ ಒಬ್ಬ ಫಿಜಿಷಿಯನ್. ನಿಮ್ಮಲ್ಲಿ ಎಷ್ಟೋ ಮಂದಿಗೆ ನನ್ನ ಕೈಬರಹ ಗೊತ್ತು. ಅದನ್ನು ಓದಲು ನೀವು ಪಟ್ಟ ಕಷ್ಟಕ್ಕೆ ಮೊದಲು ಕ್ಷಮೆ ಇರಲಿ. ಅದಕ್ಕಿಂತ ದೊಡ್ಡ ತಪ್ಪೊಂದನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಅದರ ಬಗ್ಗೆಯೇ ಈ ಪತ್ರ.

ನ್ಯುಮೋನಿಯಾ ಅಂತ ಬಂದವರಿಗೆಲ್ಲ ನಾನು ಹತ್ತು ದಿನ ಆಂಟಿಬಯೋಟಿಕ್ ಬರೆಯುತ್ತಿದ್ದೆ. ಕೆಲವೊಮ್ಮೆ ಹದಿನಾಲ್ಕು. ಯಾಕೆ ಹತ್ತು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ನಮ್ಮ ಸರ್ ಹತ್ತು ಬರೆಯುತ್ತಿದ್ದರು, ನಾನೂ ಹತ್ತು ಬರೆದೆ, ಅಷ್ಟೇ. ಏಳು ದಿನಕ್ಕಂತೂ ನಮ್ಮ ಕಡೆ ಇನ್ನೊಂದು ಕಾರಣ ಇದೆ: ಹಳ್ಳಿಯವರು ಸಂತೆಯ ದಿನ ಊರಿಗೆ ಬರುತ್ತಾರೆ, ಮತ್ತೆ ಬರುವುದು ಮುಂದಿನ ಸಂತೆಗೆ. ಅಮೆರಿಕದ ಸೋಂಕುರೋಗ ತಜ್ಞ ಬ್ರ್ಯಾಡ್ ಸ್ಪೆಲ್‌ಬರ್ಗ್ ಇದೇ ಮಾತನ್ನು ಬೇರೆ ಥರ ಹೇಳಿ ನಗಿಸುತ್ತಾರೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ವಾರಕ್ಕೆ ಏಳು ದಿನ ಅಂತ ಆಜ್ಞೆ ಹೊರಡಿಸಿದ, ಅದಕ್ಕೇ ನಾವು ಏಳು ಮತ್ತು ಹದಿನಾಲ್ಕರ ಲೆಕ್ಕದಲ್ಲಿ ಔಷಧ ಬರೆಯುತ್ತೇವೆ ಅನ್ನುತ್ತಾರೆ ಅವರು. ಅವನು ವಾರಕ್ಕೆ ನಾಲ್ಕೇ ದಿನ ಇಟ್ಟಿದ್ದರೆ ನಮ್ಮ ಕೋರ್ಸೂ ನಾಲ್ಕು ದಿನದ್ದೇ ಆಗುತ್ತಿತ್ತು, ಅಲ್ವಾ?

ನನ್ನ ಕಣ್ಣು ತೆರೆಸಿದ್ದು ಒಬ್ಬ ಅಜ್ಜಿ. ನ್ಯುಮೋನಿಯಾ ಆಗಿತ್ತು. ಮೂರನೇ ದಿನಕ್ಕೆ ಜ್ವರ ಬಿಟ್ಟು, ಐದನೇ ದಿನಕ್ಕೆ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದರು. ನಾನು ಅಮಾಕ್ಸಿಕ್ಲಾವ್ ಹತ್ತು ದಿನ ಬರೆದಿದ್ದೆ. ಏಳನೇ ದಿನ ಭೇದಿ ಶುರುವಾಯಿತು. ‘ಕೋರ್ಸ್ ಪೂರ್ತಿ ಮುಗಿಸಬೇಕು’ ಅಂತ ನಾನೇ ಗಟ್ಟಿಯಾಗಿ ಹೇಳಿ ಕಳಿಸಿದ್ದರಿಂದ, ಅವರು ಭೇದಿಯ ನಡುವೆಯೂ ಗುಳಿಗೆ ಬಿಡಲಿಲ್ಲ. ಹತ್ತನೇ ದಿನ ಒಣಗಿದ ನಾಲಿಗೆ, ಇಳಿದ ಬಿಪಿ, ಕೈಗೆ ಸಲೈನ್. ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರದ ಅಜ್ಜಿ ನನ್ನ ಔಷಧಕ್ಕೆ ಆಸ್ಪತ್ರೆ ಸೇರಿದರು. ಕೊನೆಯ ಐದು ದಿನದ ಗುಳಿಗೆ ಅವರಿಗೆ ಏನು ಕೊಟ್ಟಿತು ಅಂತ ಯೋಚಿಸಿದೆ. ಆಮೇಲೆ ಓದಲು ಕೂತೆ.

ಓದಿದ್ದರಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಸ್ಪೇನ್ ದೇಶದ್ದು, 2016ರಲ್ಲಿ ಪ್ರಕಟವಾಯಿತು. ಬಾಸ್ಕ್ ಪ್ರಾಂತ್ಯದ ನಾಲ್ಕು ಆಸ್ಪತ್ರೆಗಳಲ್ಲಿ ನ್ಯುಮೋನಿಯಾದಿಂದ ದಾಖಲಾದ 312 ಜನರನ್ನು ಐದನೇ ದಿನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಾಕ್ಟರ್ ತಮಗೆ ಸರಿ ಕಂಡಷ್ಟು ದಿನ ಔಷಧ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಜ್ವರ ಬಿಟ್ಟು 48 ಗಂಟೆ ಆಗಿದ್ದರೆ, ನಾಡಿ, ಉಸಿರು, ಬಿಪಿ, ಆಕ್ಸಿಜನ್ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟಿರದಿದ್ದರೆ ಐದನೇ ದಿನಕ್ಕೇ ನಿಲ್ಲಿಸಿದರು. ಮೊದಲ ಗುಂಪಿನವರು ಸಾಮಾನ್ಯವಾಗಿ ಹತ್ತು ದಿನ ಔಷಧ ತೆಗೆದುಕೊಂಡರು, ಎರಡನೆಯವರು ಐದು ದಿನ. ತಿಂಗಳ ಹೊತ್ತಿಗೆ ಎರಡೂ ಗುಂಪಿನಲ್ಲಿ ವಾಸಿಯಾದವರು ಹೆಚ್ಚುಕಡಿಮೆ ಒಂದೇ ಪ್ರಮಾಣ. ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಹೆಚ್ಚು ದಿನದ ಗುಂಪಿನಲ್ಲಿ ನೂರಕ್ಕೆ 6.6, ಐದು ದಿನದ ಗುಂಪಿನಲ್ಲಿ 1.4.

ಇದಕ್ಕೆ ನಿಮ್ಮಲ್ಲೇ ಯಾರಾದರೂ ಒಂದು ತಕರಾರು ತೆಗೆಯಬಹುದು. ಆ ರೋಗಿಗಳಲ್ಲಿ ಹೆಚ್ಚಿನವರು ತೆಗೆದುಕೊಂಡದ್ದು ಲಿವೋಫ್ಲಾಕ್ಸಾಸಿನ್ ಥರದ ಕ್ವಿನೋಲೋನ್ ಔಷಧ. ಅದು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ನಮ್ಮ ಅಮಾಕ್ಸಿಸಿಲಿನ್‌ಗೆ ಈ ಲೆಕ್ಕ ಹೊಂದುತ್ತದಾ ಅಂತ. ನ್ಯಾಯವಾದ ತಕರಾರು. ಅದಕ್ಕೆ 2021ರಲ್ಲಿ ಫ್ರಾನ್ಸ್‌ನಿಂದ ಉತ್ತರ ಬಂತು. ಅಲ್ಲಿ ಪೆನಿಸಿಲಿನ್ ಬಳಗದ ಔಷಧವನ್ನೇ ಮೂರು ದಿನ ಕೊಟ್ಟರು. ಮೂರನೇ ದಿನಕ್ಕೆ ಸುಧಾರಿಸಿದ ಸುಮಾರು 300 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಅಲ್ಲಿಗೇ ನಿಲ್ಲಿಸಿ ಖಾಲಿ ಗುಳಿಗೆ ಕೊಟ್ಟರು, ಉಳಿದವರಿಗೆ ಒಟ್ಟು ಎಂಟು ದಿನ ಆಗುವವರೆಗೆ ಮುಂದುವರಿಸಿದರು. ಹದಿನೈದನೇ ದಿನ ವಾಸಿಯಾಗಿದ್ದವರು ಮೂರು ದಿನದ ಗುಂಪಿನಲ್ಲಿ ನೂರಕ್ಕೆ 77, ಎಂಟು ದಿನದ ಗುಂಪಿನಲ್ಲಿ 68. ಹಾಗಂತ ಮೂರೇ ದಿನ ಸಾಕು ಅಂತ ನಾನು ವಾದ ಮಾಡುತ್ತಿಲ್ಲ. ಅಲ್ಲಿ ರೋಗಿಯನ್ನು ಆಸ್ಪತ್ರೆಯಲ್ಲೇ ಇಟ್ಟು ಮೂರನೇ ದಿನ ಸರಿಯಾಗಿ ಪರೀಕ್ಷೆ ಮಾಡಿ ಆರಿಸಿದ್ದರು. ನಮ್ಮಲ್ಲಿ ಆ ಅನುಕೂಲ ಎಲ್ಲರಿಗೂ ಇಲ್ಲ. ಆದರೆ ಮೂರು ದಿನವೇ ಎಂಟು ದಿನಕ್ಕೆ ಸೋಲದಿದ್ದಾಗ, ಐದಕ್ಕೆ ಹೆದರುವುದು ಯಾಕೆ?

ಮೂರನೆಯದು ನಮ್ಮ ದೇಶದ್ದೇ. ಐದು ವರ್ಷದೊಳಗಿನ 2188 ಮಕ್ಕಳು, ತೀವ್ರವಲ್ಲದ ನ್ಯುಮೋನಿಯಾ, ಬಾಯಿಂದ ಕೊಡುವ ಅಮಾಕ್ಸಿಸಿಲಿನ್. ಮೂರು ದಿನ ಕೊಟ್ಟವರಲ್ಲಿ ನೂರಕ್ಕೆ 89.5 ಮಕ್ಕಳು ಗುಣವಾದರು, ಐದು ದಿನ ಕೊಟ್ಟವರಲ್ಲಿ 89.9. ಇದು ಪ್ರಕಟವಾಗಿ 20 ವರ್ಷದ ಮೇಲಾಯಿತು, 2004ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಈಗ ಆಂಟಿಬಯೋಟಿಕ್ ಬಗ್ಗೆ ಹೊರತಂದಿರುವ ಕೈಪಿಡಿಯಲ್ಲೂ ದೊಡ್ಡವರ ಸಾಮಾನ್ಯ ನ್ಯುಮೋನಿಯಾಕ್ಕೆ ಐದು ದಿನ ಅಂತಲೇ ಇದೆ.

ಹಾಗಾದರೆ ನಾವು ಯಾಕೆ ನಿಲ್ಲಿಸುವುದಿಲ್ಲ? ನನ್ನ ಪ್ರಕಾರ ಎರಡು ವಿಷಯ ನಮ್ಮನ್ನು ಹೆದರಿಸುತ್ತವೆ. ಕೆಮ್ಮು ಮತ್ತು ಎಕ್ಸ್‌ರೇ.

ಒಂದು ಉದಾಹರಣೆ ಕೊಡುತ್ತೇನೆ. ಬನಹಟ್ಟಿಯ ಒಬ್ಬ ನೇಕಾರರು, ವಯಸ್ಸು 54, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಬಿಟ್ಟು ಬಹಳ ವರ್ಷ ಆಗಿದೆ. ಒಂದು ಸೋಮವಾರ ಮಗನ ಬೈಕಿನ ಮೇಲೆ ಬಂದರು. ನಾಲ್ಕು ದಿನದಿಂದ ಚಳಿಜ್ವರ, ಕೆಮ್ಮು, ತುಕ್ಕಿನ ಬಣ್ಣದ ಕಫ, ಉಸಿರೆಳೆದರೆ ಬಲಪಕ್ಕೆಯಲ್ಲಿ ನೋವು. ಜ್ವರ 102.6, ನಾಡಿ 116, ನಿಮಿಷಕ್ಕೆ ಉಸಿರು 28, ಬಿಪಿ 124/78, ಆಕ್ಸಿಜನ್ 94. ಮಾತು ಸ್ಪಷ್ಟ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ. ಮನೆಯಲ್ಲೇ ಇಟ್ಟು ನೋಡಬಹುದು ಅನ್ನಿಸಿತು. ಅಮಾಕ್ಸಿಸಿಲಿನ್ 500ರ ಎರಡು ಕ್ಯಾಪ್ಸೂಲ್, ದಿನಕ್ಕೆ ಮೂರು ಸಲ. ಐದು ದಿನಕ್ಕೆ 30 ಕ್ಯಾಪ್ಸೂಲ್. ಚೀಟಿಯಲ್ಲಿ ‘ಬುಧವಾರ ಬಂದು ತೋರಿಸಿ’ ಅಂತ ಬರೆದು ಅಡಿಗೆರೆ ಎಳೆದೆ.

ಡೋಸ್ ಬಗ್ಗೆ ಇಲ್ಲೇ ಒಂದು ಮಾತು. ದಿನ ಕಡಿಮೆ ಮಾಡುವುದು ಅಂದರೆ ಡೋಸ್ ಕಡಿಮೆ ಮಾಡುವುದಲ್ಲ. ದಿನಕ್ಕೆ ಎರಡೇ ಕ್ಯಾಪ್ಸೂಲ್ ತಿನ್ನಿಸಿ ‘ಐದು ದಿನ ಕೊಟ್ಟೆ, ಹಿಡಿಯಲಿಲ್ಲ’ ಅನ್ನಬಾರದು. ಕೊಡುವಷ್ಟು ದಿನ ಪೂರ್ತಿ ಡೋಸ್ ಕೊಡಬೇಕು.

ಬುಧವಾರ ಬಂದರು. ಬೆಳಿಗ್ಗೆಯಿಂದ ಜ್ವರ ಇಲ್ಲ. 98.8. ನಾಡಿ 92, ಉಸಿರು 22, ಆಕ್ಸಿಜನ್ 96. ಹಿಂದಿನ ರಾತ್ರಿ ಒಂದು ರೊಟ್ಟಿ ತಿಂದಿದ್ದರು. ಶುಕ್ರವಾರ ಸಂಜೆ ಮತ್ತೆ ನೋಡಿದೆ. ಎರಡು ದಿನದ ಮೇಲಾಗಿತ್ತು ಜ್ವರ ಬಿಟ್ಟು. ನಾಡಿ 84, ಉಸಿರು 18. ‘ಇವತ್ತು ರಾತ್ರಿಯ ಗುಳಿಗೆಗೆ ಮುಗೀತು’ ಅಂದೆ.

ಮಗ ಒಪ್ಪಲಿಲ್ಲ. “ಸರ್, ಅಪ್ಪಾಗ ಇನ್ನೂ ಕೆಮ್ಮು ಐತಲ್ರೀ. ಕೋರ್ಸ್ ಅರ್ಧಕ್ಕ ಬಿಟ್ರ ಮುಂದ ಗುಳಿಗಿ ನಾಟೂದಿಲ್ಲ ಅಂತಾರಲ್ರೀ.”

ಹುಡುಗ ಕೇಳಿದ ಎರಡೂ ಪ್ರಶ್ನೆ ಸರಿಯಾದವೇ. ಒಂದೊಂದಾಗಿ ನೋಡೋಣ.

ನ್ಯುಮೋನಿಯಾದಲ್ಲಿ ಆಂಟಿಬಯೋಟಿಕ್ ಮಾಡುವ ಕೆಲಸ ಒಂದೇ, ಬ್ಯಾಕ್ಟೀರಿಯಾ ಕೊಲ್ಲುವುದು. ಸರಿಯಾದ ಔಷಧ ಬಿದ್ದರೆ ಆ ಕೆಲಸದ ಬಹುಪಾಲು ಮೊದಲ ಎರಡು ಮೂರು ದಿನದಲ್ಲೇ ಆಗುತ್ತದೆ. ಜ್ವರ ಇಳಿಯುವುದು, ನಾಡಿ ನಿಧಾನವಾಗುವುದು, ಹಸಿವು ಬರುವುದು ಅದರ ಗುರುತು. ಆಮೇಲೆ ಶ್ವಾಸಕೋಶದಲ್ಲಿ ಉಳಿಯುವುದು ಯುದ್ಧ ಮುಗಿದ ಮೇಲಿನ ಕಸ: ಸತ್ತ ಬ್ಯಾಕ್ಟೀರಿಯಾ, ಸತ್ತ ಬಿಳಿ ರಕ್ತಕಣ, ಕೀವಿನ ನೀರು. ಅದನ್ನು ಗುಡಿಸುವುದು ದೇಹದ ಕೆಲಸ. ಅದಕ್ಕೆ ವಾರಗಟ್ಟಲೆ ಬೇಕು. ಗುಡಿಸುವಷ್ಟು ದಿನ ಕೆಮ್ಮು ಇರುತ್ತದೆ. ಎಕ್ಸ್‌ರೇಯಲ್ಲಿನ ಬಿಳಿ ಮಚ್ಚೆ ಹೋಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಕಸ ಗುಡಿಸಲು ಅಮಾಕ್ಸಿಸಿಲಿನ್‌ಗೆ ಬರುವುದಿಲ್ಲ. ಹಾಗಾಗಿ ಐದನೇ ದಿನವೋ ಹತ್ತನೇ ದಿನವೋ ಮತ್ತೆ ಎಕ್ಸ್‌ರೇ ತೆಗೆಸಿ, ‘ಇನ್ನೂ ಪ್ಯಾಚ್ ಇದೆ, ಇನ್ನೊಂದು ವಾರ ತಗೊಳ್ಳಿ’ ಅನ್ನುವುದಕ್ಕೆ ಅರ್ಥವಿಲ್ಲ. ಆ ಎಕ್ಸ್‌ರೇ ತೆಗೆಸಿದ್ದೇ ತಪ್ಪು. ನಾನೂ ನೂರಾರು ಸಲ ತೆಗೆಸಿದ್ದೇನೆ.

ನೋಡಬೇಕಾದದ್ದು ಬೇರೆ. ಜ್ವರ 100 ಫ್ಯಾರನ್‌ಹೀಟ್ ದಾಟದೆ ಎರಡು ದಿನ. ನಾಡಿ ನೂರರೊಳಗೆ, ಉಸಿರು 24ರೊಳಗೆ, ಮೇಲಿನ ಬಿಪಿ 90ಕ್ಕೆ ಕಡಿಮೆ ಇಲ್ಲ, ಆಕ್ಸಿಜನ್ 90ರ ಮೇಲೆ. ಊಟ ಸೇರುತ್ತಿದೆ, ಮಾತಿನಲ್ಲಿ ತೊದಲಾಟ ಗೊಂದಲ ಇಲ್ಲ. ಇಷ್ಟನ್ನು ನೋಡಲು ಒಂದು ಥರ್ಮಾಮೀಟರ್, ಬಿಪಿ ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್, ಒಂದು ಗಡಿಯಾರ ಸಾಕು. ಉಸಿರನ್ನು ಮಾತ್ರ ದಯವಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ನಾವೆಲ್ಲ ಸುಮ್ನೆ 20 ಅಂತ ಬರೆದುಬಿಡುತ್ತೇವೆ.

ಇನ್ನು ‘ಗುಳಿಗೆ ನಾಟುವುದಿಲ್ಲ’ ಅನ್ನುವ ಭಯ. ಇದು ಹುಡುಗನ ತಲೆಗೆ ಬಂದದ್ದು ನಮ್ಮಿಂದಲೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದಾಗ ಮಾಡಿದ ಭಾಷಣದಲ್ಲಿ ಒಂದು ಕಲ್ಪನೆಯ ಕಥೆ ಹೇಳಿದ. ಒಬ್ಬನಿಗೆ ಗಂಟಲುನೋವು, ಪೆನಿಸಿಲಿನ್ ಸಾಲದಷ್ಟು ತಿಂದ, ಅವನ ಗಂಟಲಿನ ಸ್ಟ್ರೆಪ್ಟೊಕಾಕಸ್ ಔಷಧಕ್ಕೆ ಪಳಗಿತು, ಅದು ಹೆಂಡತಿಗೆ ಹತ್ತಿ ಆಕೆ ತೀರಿಕೊಂಡಳು. ಅಲ್ಲಿಂದ ‘ಕೋರ್ಸ್ ಮುಗಿಸಿ’ ಅನ್ನುವುದು ಮಂತ್ರವಾಯಿತು. ತಮಾಷೆ ಏನೆಂದರೆ, ಆ ಗಂಟಲುನೋವಿನ ಸ್ಟ್ರೆಪ್ಟೊಕಾಕಸ್‌ಗೆ ಇವತ್ತಿಗೂ ಪೆನಿಸಿಲಿನ್ ನಾಟುತ್ತದೆ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಾಗಿ ಹುಟ್ಟಿ ಬೆಳೆಯುವ ಜಾಗ ನ್ಯುಮೋನಿಯಾ ಆದ ಶ್ವಾಸಕೋಶ ಅಲ್ಲ. ಕರುಳು. ಅಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ತಮ್ಮ ಪಾಡಿಗೆ ಇರುತ್ತವೆ. ನುಂಗಿದ ಪ್ರತಿ ಗುಳಿಗೆಯೂ ಅವುಗಳ ಮೇಲೂ ಬೀಳುತ್ತದೆ. ಬಗ್ಗುವಂಥವು ಸಾಯುತ್ತವೆ, ಬಗ್ಗದವು ಖಾಲಿಯಾದ ಜಾಗದಲ್ಲಿ ಹಬ್ಬುತ್ತವೆ. ಹೊಲದಲ್ಲಿ ಒಂದೇ ಕಳೆನಾಶಕ ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಸಾಯದ ಕಳೆಯೇ ಉಳಿದುಕೊಳ್ಳುವುದನ್ನು ನಮ್ಮ ಕಬ್ಬಿನ ರೈತರು ನೋಡಿದ್ದಾರೆ. ಇದೂ ಹಾಗೇ. ಮುಂದೆ ಅದೇ ಮನುಷ್ಯನಿಗೆ ಮೂತ್ರದ ಸೋಂಕು ಬಂದಾಗ, ಬರುವುದು ಕರುಳಿನಿಂದ ಹೊರಟ ಆ ಬಗ್ಗದ ಇ. ಕೋಲೈ. ಆಗ ಗುಳಿಗೆ ನಾಟುವುದಿಲ್ಲ. ಅಂದರೆ ಹುಡುಗ ಹೆದರಿದ ಕೇಡು ಬರುವುದು ಹೆಚ್ಚು ದಿನ ತಿಂದದ್ದರಿಂದ.

ಕ್ಷಯದ ಕಥೆ ಬೇರೆ, ಮತ್ತು ಗೊಂದಲ ಆಗುವುದು ಅಲ್ಲೇ. ಟಿಬಿಯಲ್ಲಿ ರೋಗಾಣು ಬಹಳ ನಿಧಾನ ಬೆಳೆಯುತ್ತದೆ, ಔಷಧಕ್ಕೆ ಸಿಗದಂತೆ ಮಲಗಿರುತ್ತದೆ, ನಡುವೆ ಬಿಟ್ಟರೆ ಅದೇ ರೋಗಾಣು ಔಷಧಕ್ಕೆ ಬಗ್ಗದಂತಾಗಿ ಎದ್ದು ಬರುತ್ತದೆ. ಅಲ್ಲಿ ಆರು ತಿಂಗಳ ಕೋರ್ಸ್ ಒಂದು ದಿನವೂ ತಪ್ಪಬಾರದು. ಟಿಬಿಗೆ ಸತ್ಯವಾದ ಮಾತನ್ನು ನಾವು ಎಲ್ಲ ಸೋಂಕಿಗೂ ಅಂಟಿಸಿದೆವು. ಗುಳಿಗೆ ನಿಲ್ಲಿಸುವ ಬಗ್ಗೆ ಈ ಪತ್ರದಲ್ಲಿ ಇರುವ ಒಂದು ಅಕ್ಷರವೂ ಟಿಬಿ ರೋಗಿಗೆ ಅನ್ವಯಿಸುವುದಿಲ್ಲ. ಇದನ್ನು ಓದುತ್ತಿರುವ ಟಿಬಿ ರೋಗಿಗಳಿದ್ದರೆ, ನಿಮ್ಮ ಗುಳಿಗೆ ಮುಟ್ಟಬೇಡಿ, ಹಾಗೇ ನಡೆಯಲಿ.

ಬೇರೆ ಕೆಲವಕ್ಕೂ ಐದು ದಿನದ ಲೆಕ್ಕ ಇಲ್ಲ. ಹೃದಯದ ಕವಾಟದ ಸೋಂಕಿಗೆ ನಾಲ್ಕರಿಂದ ಆರು ವಾರ ಬೇಕು. ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಸಿಕ್ಕರೆ ಕನಿಷ್ಠ ಎರಡು ವಾರ. ಎಲುಬಿನ ಸೋಂಕಿಗೆ ವಾರಗಟ್ಟಲೆ. ಮಕ್ಕಳ ಸ್ಟ್ರೆಪ್ಟೊಕಾಕಸ್ ಗಂಟಲುನೋವಿಗೆ ಪೆನಿಸಿಲಿನ್ ಹತ್ತು ದಿನವೇ ಇರಲಿ. ಸಂಧಿವಾತ ಜ್ವರ ಬಂದು ಕವಾಟ ಕೆಟ್ಟ ಮಕ್ಕಳನ್ನು ನಾವು ಇನ್ನೂ ನೋಡುತ್ತಿದ್ದೇವೆ. ನ್ಯುಮೋನಿಯಾದಲ್ಲೂ ಎದೆಯಲ್ಲಿ ಕೀವು ತುಂಬಿದವರು, ಶ್ವಾಸಕೋಶದಲ್ಲಿ ಬಾವು ಆದವರು, ಕೀಮೋ ಅಥವಾ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಳ್ಳುವವರು ಈ ಲೆಕ್ಕದಿಂದ ಹೊರಗೆ.

ನನಗೆ ಹೆಚ್ಚು ಚಿಂತೆ ಇರುವುದು ಮೂರನೇ ದಿನ ಸುಧಾರಿಸದ ರೋಗಿಯ ಬಗ್ಗೆ. ಅವರಿಗೂ ನಾವು ಮಾಡುವುದು ಅದೇ, ‘ಇನ್ನೈದು ದಿನ ಮುಂದುವರಿಸಿ’. ಆದರೆ ಮೂರು ದಿನದಲ್ಲಿ ಜ್ವರ ಬಗ್ಗದಿದ್ದರೆ ದಿನ ಸಾಲದ್ದು ಕಾರಣ ಆಗಿರುವುದು ಅಪರೂಪ. ಗುಳಿಗೆ ಸರಿಯಾಗಿ ತಿಂದಿಲ್ಲ, ಅಥವಾ ಔಷಧವೇ ಹೊಂದುತ್ತಿಲ್ಲ, ಅಥವಾ ವೈರಸ್ ಇದೆ, ಅಥವಾ ಪಕ್ಕೆಯಲ್ಲಿ ಕೀವು ಕೂತಿದೆ. ಪಕ್ಕೆ ಬಡಿದು ನೋಡಬೇಕು, ಅಲ್ಟ್ರಾಸೌಂಡ್ ಹಾಕಿಸಬೇಕು. ಕೀವು ಇದ್ದರೆ ತೆಗೆಯಬೇಕು, ಅದನ್ನು ಗುಳಿಗೆ ಒಣಗಿಸುವುದಿಲ್ಲ.

ಅಥವಾ ಅದು ಟಿಬಿ. ನಮ್ಮ ಕಡೆ ಇದನ್ನು ಮರೆಯುವ ಹಾಗಿಲ್ಲ. ಲಿವೋಫ್ಲಾಕ್ಸಾಸಿನ್ ಟಿಬಿ ರೋಗಾಣುವಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ. ಟಿಬಿ ರೋಗಿಗೆ ನ್ಯುಮೋನಿಯಾ ಅಂದುಕೊಂಡು ಅದನ್ನು ಹತ್ತು ದಿನ ಕೊಟ್ಟರೆ ಜ್ವರ ಇಳಿಯುತ್ತದೆ, ತೂಕ ಸ್ವಲ್ಪ ಏರುತ್ತದೆ, ಎಲ್ಲರೂ ಖುಷಿಯಾಗುತ್ತಾರೆ. ತಿಂಗಳು ಬಿಟ್ಟು ಮತ್ತೆ ಬರುತ್ತಾರೆ. ಅಷ್ಟರಲ್ಲಿ ಮನೆಯ ಮಕ್ಕಳಿಗೂ ಹತ್ತಿರುತ್ತದೆ. ಅದಕ್ಕೇ ನಾನು ಲಿವೋಫ್ಲಾಕ್ಸಾಸಿನ್ ಅನ್ನು ಮೊದಲ ಔಷಧವಾಗಿ ಬರೆಯುವುದನ್ನೇ ಬಿಟ್ಟಿದ್ದೇನೆ. ಎರಡು ವಾರ ದಾಟಿದ ಕೆಮ್ಮಿಗೆ ನನ್ನ ಚೀಟಿಯಲ್ಲಿ ಇನ್ನೊಂದು ಆಂಟಿಬಯೋಟಿಕ್ ಇರುವುದಿಲ್ಲ, ಕಫ ಪರೀಕ್ಷೆ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ.

ಮೆಡಿಕಲ್ ಅಂಗಡಿಯವರೇ, ಈಗ ನಿಮ್ಮ ಕಡೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ರೋಗಿ ಕೊನೆಗೆ ಮಾತಾಡಿ ಹೋಗುವುದು ನಿಮ್ಮ ಜೊತೆ. ನಾನು ಹೇಳಿದ್ದನ್ನು ಮರೆತರೂ ನೀವು ಹೇಳಿದ್ದನ್ನು ಮರೆಯುವುದಿಲ್ಲ. ದಿನಕ್ಕೆ ಎರಡರಂತೆ ತಿನ್ನುವ ಹತ್ತು ಗುಳಿಗೆಯ ಒಂದು ಸ್ಟ್ರಿಪ್ ಐದು ದಿನಕ್ಕೆ ಸರಿಯಾಗುತ್ತದೆ. ಚೀಟಿಯಲ್ಲಿ ಐದು ದಿನ ಅಂತ ಇದ್ದಾಗ ‘ಡಾಕ್ಟರು ಕಡಿಮೆ ಬರೆದಿದ್ದಾರೆ, ಇನ್ನೊಂದು ಸ್ಟ್ರಿಪ್ ಇರಲಿ’ ಅನ್ನಬೇಡಿ. ಕೊನೆಯ ಗುಳಿಗೆಯ ತಾರೀಕನ್ನು ಸ್ಟ್ರಿಪ್ ಹಿಂದೆ ಪೆನ್ನಿನಿಂದ ಬರೆದುಕೊಡಿ. ಮತ್ತೆ, ಯಾರಾದರೂ ಎರಡನೇ ದಿನ ಬಂದು ‘ಜ್ವರ ಬಿಡ್ತು, ಉಳಿದದ್ದು ವಾಪಸ್ ತಗೋರಿ’ ಅಂದರೆ, ನಿಲ್ಲಿಸುವ ಮುಂಚೆ ಡಾಕ್ಟರಿಗೆ ಫೋನ್ ಮಾಡಲು ಹೇಳಿ. ರೋಗಿ ತಾನೇ ನಿರ್ಧಾರ ಮಾಡಿ ನಿಲ್ಲಿಸಲಿ ಅಂತ ನಾನು ಹೇಳುತ್ತಿಲ್ಲ. ನಾಡಿ ಮತ್ತು ಉಸಿರು ಎಣಿಸಿದವರು ನಿಲ್ಲಿಸಬೇಕು.

ವೈದ್ಯ ಮಿತ್ರರೇ, ನಿಮ್ಮ ಕಷ್ಟ ನನಗೆ ಗೊತ್ತು. ಮೂರನೇ ದಿನ ಬನ್ನಿ ಅಂದರೆ ಹುನ್ನೂರಿನಿಂದ, ಸಾವಳಗಿಯಿಂದ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬರುವುದಿಲ್ಲ ಅನ್ನುವ ಭಯಕ್ಕೇ ನಾವು ಹತ್ತು ದಿನ ಬರೆದು ಕೈತೊಳೆದುಕೊಳ್ಳುತ್ತೇವೆ. ನಾನು ಕಂಡುಕೊಂಡ ದಾರಿ ಫೋನು. ಆಶಾ ಕಾರ್ಯಕರ್ತೆಯ ಹತ್ತಿರ ಥರ್ಮಾಮೀಟರ್ ಇದ್ದರೆ ಜ್ವರ ತಿಳಿಯುತ್ತದೆ. ಉಸಿರು ಎಣಿಸುವುದನ್ನು ಮನೆಯವರಿಗೆ ಐದು ನಿಮಿಷದಲ್ಲಿ ಕಲಿಸಬಹುದು. ‘ಎದ್ದು ಬಚ್ಚಲಿಗೆ ತಾವೇ ಹೋಗ್ತಾರಾ? ರೊಟ್ಟಿ ತಿಂದ್ರಾ?’ ಈ ಎರಡು ಪ್ರಶ್ನೆಗೆ ಬರುವ ಉತ್ತರ ಎಷ್ಟೋ ರಕ್ತಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ಫೋನಿನಲ್ಲಿ ಅನುಮಾನ ಬಂದರೆ ಮಾತ್ರ ಕರೆಸುತ್ತೇನೆ.

ಬನಹಟ್ಟಿಯ ನೇಕಾರರು ಎರಡು ವಾರಕ್ಕೆ ಮತ್ತೆ ಬಂದರು. ಬೆಳಿಗ್ಗೆ ಹೊತ್ತು ಸ್ವಲ್ಪ ಕೆಮ್ಮು ಉಳಿದಿತ್ತು. ಜ್ವರ ಮತ್ತೆ ಬಂದಿರಲಿಲ್ಲ. ಕಫ ಪರೀಕ್ಷೆಗೆ ಕಳಿಸಿದೆ, ಟಿಬಿ ಇಲ್ಲ ಅಂತ ಬಂತು. ಬೇರೆ ಔಷಧ ಕೊಡಲಿಲ್ಲ. ಮಗ್ಗದ ನೂಲಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದೆ, ಕಟ್ಟಿಕೊಂಡಿರಲಾರರು. ಆರು ವಾರಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಮಚ್ಚೆ ಇರಲಿಲ್ಲ. ಮಗ ಎರಡೂ ಎಕ್ಸ್‌ರೇಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಈ ಲೆಕ್ಕದಲ್ಲಿ ಐದು ದಿನಕ್ಕೆ ನಿಲ್ಲಿಸಿದ ನಿಮ್ಮ ರೋಗಿ ಯಾರಾದರೂ ಕೆಟ್ಟರೆ, ನನಗೆ ತಿಳಿಸಿ. ಮೂರನೇ ದಿನ ಮತ್ತು ಐದನೇ ದಿನ ಜ್ವರ, ನಾಡಿ, ಉಸಿರು ಎಷ್ಟಿತ್ತು ಅನ್ನುವುದನ್ನೂ ಬರೆದಿಟ್ಟಿರಿ. ಕೂತು ಇಬ್ಬರೂ ನೋಡೋಣ.

ಇಂತಿ,
ಜಮಖಂಡಿಯ ಒಬ್ಬ ಫಿಜಿಷಿಯನ್